ಕುರ್ಚಿಯಲ್ಲಿ ತಲೆ ತಿರುಗಿದಾಗ

ಅರಸೀಕೆರೆಯಲ್ಲಿ ನಾನು ಹಲ್ಲಿನ ಕ್ಲಿನಿಕ್ ಇಟ್ಟ ಹೊಸದರಲ್ಲಿ, ಬಟನ್ ಒತ್ತಿದರೆ ಏಳುವ ಮಲಗುವ ಕುರ್ಚಿಗಳು ಸಣ್ಣ ಊರುಗಳಿಗೆ ಆಗತಾನೇ ಬರತೊಡಗಿದ್ದವು. ಬೆಂಗಳೂರಿನಿಂದ ಬಂದ ಏಜೆಂಟ್ ಬಣ್ಣದ ಕ್ಯಾಟಲಾಗ್ ಹರಡಿ ಒಂದೊಂದೇ ಗುಣ ಹೇಳುತ್ತಾ ಹೋದ. ಎಲ್ಲ ಕೇಳಿದ ಮೇಲೆ ನಾನೊಂದು ಪ್ರಶ್ನೆ ಹಾಕಿದೆ. "ಕರೆಂಟ್ ಹೋದಾಗ ಪೇಷೆಂಟನ್ನ ಮಲಗಿಸೋದು ಹೇಗ್ರೀ?" ಅವನು ನಕ್ಕ. "ಕರೆಂಟ್ ಹೋದ್ರೆ ಡ್ರಿಲ್ಲೇ ಓಡಲ್ಲ ಮೇಡಂ, ಮಲಗ್ಸಿ ಏನ್ ಮಾಡ್ತೀರಾ?"

ಡ್ರಿಲ್ಲಿನ ಮಟ್ಟಿಗೆ ಅವನ ಮಾತು ಸರಿ. ನನ್ನ ಯೋಚನೆ ಬೇರೆಯಿತ್ತು. ಹಲ್ಲಿನ ಕುರ್ಚಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವ ತುರ್ತು ಸಂದರ್ಭ ಎಂದರೆ ಮೂರ್ಛೆ, ಮತ್ತು ಮೂರ್ಛೆಗೆ ಮೊದಲ ಮದ್ದು ಮಲಗಿಸುವುದು. ಸೂಜಿ ಕಂಡು ಕಣ್ಣು ಮೇಲೆ ಮಾಡಿದವರನ್ನು ನೆಟ್ಟಗೆ ಕೂರಿಸಿಕೊಂಡು ಕರೆಂಟಿಗೆ ಕಾಯುವುದಕ್ಕಾಗುವುದಿಲ್ಲ. ಆಗ ನಮ್ಮೂರಲ್ಲಿ ಲೋಡ್ ಶೆಡ್ಡಿಂಗ್ ದಿನವೂ ಇತ್ತು. ಹಾಗಾಗಿ ಕಾಲಲ್ಲಿ ಪೆಡಲ್ ಒತ್ತುವ, ಹಿಂದಿನ ಸನ್ನೆ ಎಳೆದರೆ ಬೆನ್ನು ಕೆಳಗಿಳಿಯುವ ಹಳೆಯ ಕುರ್ಚಿಯನ್ನೇ ಬಹಳ ವರ್ಷ ಇಟ್ಟುಕೊಂಡೆ. ಕೊನೆಗೆ ಬಟನ್ ಕುರ್ಚಿ ತಂದಾಗ ಮೊದಲು ಅದನ್ನು ಇನ್ವರ್ಟರ್ ಲೈನಿಗೆ ಹಾಕಿಸಿದೆ. ಫ್ಯಾನು, ಲೈಟು ಆಮೇಲೆ.

ಮಲಗಿಸಿದರೆ ಏಕೆ ಎಚ್ಚರವಾಗುತ್ತದೆ ಎಂಬುದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಹೆದರಿದ ಮನುಷ್ಯನ ಮೈ ಓಡಲು ಸಿದ್ಧವಾಗುತ್ತದೆ. ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಕಾಲಿನ ಸ್ನಾಯುಗಳ ರಕ್ತನಾಳಗಳು ಹಿಗ್ಗಿ ರಕ್ತ ಅತ್ತ ಹರಿಯುತ್ತದೆ. ಆದರೆ ಹಲ್ಲಿನ ಕುರ್ಚಿಯಲ್ಲಿ ಕೂತವನು ಓಡುವುದಿಲ್ಲ. ಕೈಹಿಡಿ ಬಿಗಿಹಿಡಿದು, ಅಲ್ಲಾಡದೆ, ಮರ್ಯಾದೆಗೆ ಅಂಜಿ ಕೂತಿರುತ್ತಾನೆ. ಕಾಲಿಗಿಳಿದ ರಕ್ತ ಅಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಹೃದಯದ ವೇಗ ತಗ್ಗಿಸುವ ವೇಗಸ್ ನರ ಕೆಲಸಕ್ಕಿಳಿದು ನಾಡಿ ಸಟ್ಟನೆ ಇಳಿಯುತ್ತದೆ, ಬಿ.ಪಿ. ಕುಸಿಯುತ್ತದೆ, ಮಿದುಳಿಗೆ ಹೋಗುವ ರಕ್ತ ಸಾಲದಾಗುತ್ತದೆ. ಅಡ್ಡ ಮಲಗಿಸಿ ಕಾಲು ಎತ್ತಿದರೆ ಆ ರಕ್ತ ವಾಪಸ್ಸು ಹರಿಯುತ್ತದೆ. ಸಾಮಾನ್ಯ ಮೂರ್ಛೆಯ ಚಿಕಿತ್ಸೆಯ ಬಹುಪಾಲು ಇಷ್ಟೇ.

ಹೀಗೆ ಬೀಳುವವರಲ್ಲಿ ಗಟ್ಟಿಮುಟ್ಟಾದ ಹುಡುಗರೇ ಹೆಚ್ಚು. ಕಬಡ್ಡಿ ಆಡುವ ಹುಡುಗನೊಬ್ಬ ಬಂದಿದ್ದ, ಬುದ್ಧಿಹಲ್ಲಿನ ಸುತ್ತ ಊತ. ಗೆಳೆಯರಿಬ್ಬರು ಬಾಗಿಲಲ್ಲಿ ನಿಂತು ಕಿಚಾಯಿಸುತ್ತಿದ್ದರು. ಇಂಜೆಕ್ಷನ್ ಇನ್ನೂ ಕೊಟ್ಟಿರಲಿಲ್ಲ, ಬಾಟಲಿಯಿಂದ ಸಿರಿಂಜಿಗೆ ಎಳೆಯುತ್ತಿದ್ದೆ. ಹುಡುಗ ಒಂದು ಸಲ ಆಕಳಿಸಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಮೇಲ್ದುಟಿಯ ಮೇಲೆ ಸಣ್ಣ ಬೆವರ ಹನಿ ಸಾಲುಗಟ್ಟಿದವು. "ಫ್ಯಾನ್ ಹಾಕ್ತೀರಾ ಡಾಕ್ಟ್ರೇ, ಸೆಕೆ ಆಗ್ತೈತೆ" ಅಂದ. ಫ್ಯಾನು ಓಡುತ್ತಲೇ ಇತ್ತು. ಹೆದರಿದವನು ಆಕಳಿಸುವುದು ನಿದ್ದೆಯಿಂದಲ್ಲ. ತಲೆಗೆ ರಕ್ತ ಕಡಿಮೆಯಾಗುತ್ತಿದೆ ಎಂಬ ಮುನ್ಸೂಚನೆ ಅದು. ಸಿರಿಂಜ್ ಟ್ರೇಯಲ್ಲಿಟ್ಟು ಕುರ್ಚಿಯ ಬೆನ್ನು ಇಳಿಸುವಷ್ಟರಲ್ಲಿ ಹುಡುಗನ ಮುಖ ಸುಣ್ಣದಂತಾಗಿ ಕಣ್ಣು ಮುಚ್ಚಿದವು.

ಅಂಥ ಹೊತ್ತಲ್ಲಿ ಕೈ ಮಾಡುವ ಕೆಲಸಗಳಿಗೆ ಒಂದು ಕ್ರಮವಿದೆ. ಬಾಯೊಳಗೆ ಹತ್ತಿ, ಉಪಕರಣ ಏನಿದ್ದರೂ ಮೊದಲು ಹೊರಕ್ಕೆ. ಕುರ್ಚಿ ಪೂರ್ತಿ ಅಡ್ಡ, ಕಾಲು ಎದೆಗಿಂತ ಸ್ವಲ್ಪ ಮೇಲೆ. ತಲೆ ಕೆಳಗಾಗಿ ನೇತಾಡುವಷ್ಟು ಬೇಡ, ಅದರಿಂದ ಉಸಿರಾಟಕ್ಕೇ ತೊಂದರೆ. ಹಣೆ ಹಿಂದಕ್ಕೆ ಬಾಗಿಸಿ ಗದ್ದ ಮೇಲೆತ್ತಿದರೆ ನಾಲಿಗೆ ಗಂಟಲಿಗೆ ಅಡ್ಡ ಬೀಳುವುದಿಲ್ಲ. ಕೊರಳ ಗುಂಡಿ, ಬೆಲ್ಟು ಸಡಿಲ. ಆಮೇಲೆ ಬೆರಳು ನಾಡಿಯ ಮೇಲೆ. ಮಣಿಕಟ್ಟಿನಲ್ಲಿ ಸಿಗದಿದ್ದರೆ ಗಂಟಲಿನ ಪಕ್ಕದಲ್ಲಿ ಸಿಗುತ್ತದೆ. ಆ ಹುಡುಗನ ನಾಡಿ ಮೆಲ್ಲಗೆ, ದಾರದಷ್ಟು ಸಣ್ಣಗೆ ಬರುತ್ತಿತ್ತು, ನಿಮಿಷಕ್ಕೆ 50ಕ್ಕೂ ಕಡಿಮೆ. ಮಲಗಿಸಿದ ಕೆಲವೇ ಸೆಕೆಂಡುಗಳಲ್ಲಿ ಕೈಯೊಂದು ಎರಡು ಸಲ ಅದುರಿತು.

ಆ ಅದುರು ಕಂಡದ್ದೇ ತಡ, ಬಾಗಿಲಲ್ಲಿದ್ದ ಗೆಳೆಯರು "ಫಿಟ್ಸ್, ಫಿಟ್ಸ್" ಎಂದು ಒಳಗೆ ನುಗ್ಗಿದರು. ಒಬ್ಬ ಬೈಕಿನ ಕೀ ತೆಗೆದು ಅವನ ಅಂಗೈಯಲ್ಲಿ ತುರುಕಿದ. ಇನ್ನೊಬ್ಬ ನೀರಿನ ಲೋಟ ಬಾಯಿಗೆ ತಂದ. ಕೀಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ನೀರಿನಿಂದ ಜೀವಕ್ಕೇ ಅಪಾಯ. ಎಚ್ಚರವಿಲ್ಲದವರ ಬಾಯಿಗೆ ಹುಯ್ದ ನೀರು ಶ್ವಾಸನಾಳಕ್ಕೆ ಇಳಿಯಬಹುದು. ನನ್ನ ಸಹಾಯಕಿ ಲೋಟ ಕಸಿದುಕೊಂಡು ಇಬ್ಬರನ್ನೂ ಆಚೆ ಕಳಿಸಿದಳು. ಮಿದುಳಿಗೆ ರಕ್ತ ಸಾಲದಾದಾಗ ಮೂರ್ಛೆಯಲ್ಲೂ ಹೀಗೆ ಕ್ಷಣಕಾಲ ಕೈಕಾಲು ಅದುರುವುದುಂಟು. ಅಷ್ಟಕ್ಕೇ ಅದು ಫಿಟ್ಸ್ ಆಗುವುದಿಲ್ಲ. ಒಂದು ನಿಮಿಷ ತುಂಬುವ ಮೊದಲೇ ಹುಡುಗ ಕಣ್ಣು ಬಿಟ್ಟು, "ಹಲ್ಲು ಕಿತ್ತಾಯ್ತಾ?" ಅಂದ.

ಆ ದಿನ ಅವನ ಹಲ್ಲು ಮುಟ್ಟಲಿಲ್ಲ. ಒಮ್ಮೆ ಬಿದ್ದವರು ಅವಸರದಲ್ಲಿ ಎದ್ದರೆ ಮತ್ತೆ ಬೀಳುತ್ತಾರೆ. ಅದಕ್ಕೇ ಬೆನ್ನನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ನಡುನಡುವೆ ಬಿ.ಪಿ. ನೋಡುತ್ತಾ, ಕೊನೆಗೆ ಕಾಲು ಇಳಿಬಿಟ್ಟು ಕೂರಿಸಿದೆವು. ಬೈಕ್ ಗೆಳೆಯ ಓಡಿಸಿದ.

ಕುರ್ಚಿಯ ಎದುರು ಗೋಡೆಯಲ್ಲಿ ಸೆಕೆಂಡ್ ಮುಳ್ಳಿರುವ ದೊಡ್ಡ ಗಡಿಯಾರ ತೂಗುಹಾಕಿದ್ದು ಇಂಥ ಹೊತ್ತಿಗಾಗಿಯೇ. ಗಾಬರಿಯಲ್ಲಿ ಅರ್ಧ ನಿಮಿಷ ಐದು ನಿಮಿಷದಂತೆ ಅನಿಸುತ್ತದೆ, ಐದು ನಿಮಿಷ ಕಳೆದದ್ದೂ ಗೊತ್ತಾಗುವುದಿಲ್ಲ. ಸಾಮಾನ್ಯ ಮೂರ್ಛೆಯಾದರೆ ಮಲಗಿಸಿದ ಒಂದೆರಡು ನಿಮಿಷದಲ್ಲಿ ಎಚ್ಚರ ಬರಲೇಬೇಕು. ಬರಲಿಲ್ಲವೆಂದರೆ ಇದು ಬೇರೇನೋ. ಕುರ್ಚಿ ಆಗ ಚಿಕಿತ್ಸೆಯ ಜೊತೆಗೆ ಪರೀಕ್ಷೆಯೂ ಆಗುತ್ತದೆ. ಮಲಗಿದವರು ಏಳದಿದ್ದರೆ, ಅಥವಾ ಬಿದ್ದವರು ವಯಸ್ಸಾದವರೋ ಚಿಕ್ಕ ಮಕ್ಕಳೋ ಆಗಿದ್ದರೆ, ಹೆದರಿಕೆಯ ಮೇಲೆ ಹೊರೆಸಿ ಸುಮ್ಮನಿರುವಂತಿಲ್ಲ. ಹೃದಯ, ಔಷಧದ ಅಲರ್ಜಿ, ಫಿಟ್ಸ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನನ್ನ ಅನುಭವದಲ್ಲಿ ಮೊದಲು ನೋಡಬೇಕಾದದ್ದು ಸಕ್ಕರೆ, ಏಕೆಂದರೆ ಒಂದು ಹನಿ ರಕ್ತದಲ್ಲಿ ಅದು ಹೌದೋ ಅಲ್ಲವೋ ತಿಳಿದುಬಿಡುತ್ತದೆ.

ಸಕ್ಕರೆ ಇಳಿದವರೂ ಮೊದಲ ನೋಟಕ್ಕೆ ಹೆದರಿದವರಂತೆಯೇ ಕಾಣುತ್ತಾರೆ. ಅದೇ ಬೆವರು, ಅದೇ ಬಿಳಿಚಿದ ಮುಖ. ಹಲ್ಲಿನ ಕುರ್ಚಿಯಲ್ಲಂತೂ ಇನ್ನೊಂದು ತೊಡಕಿದೆ. ಸಕ್ಕರೆ ಇಳಿಯುವಾಗ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ನಾವು ಕೊಡುವ ಮರಗಟ್ಟಿಸುವ ಇಂಜೆಕ್ಷನ್ನಿನಿಂದಲೂ ಇವೇ ಕಾಣಿಸಿಕೊಳ್ಳಬಹುದು. ಅದರಲ್ಲಿ ಲಿಗ್ನೊಕೇನ್ ಜೊತೆಗೆ ಅತಿ ಕಡಿಮೆ ಪ್ರಮಾಣದಲ್ಲಿ ಅಡ್ರಿನಲಿನ್ ಇರುತ್ತದೆ, ನಮ್ಮಲ್ಲಿ ಸಾಮಾನ್ಯವಾಗಿ 80,000 ಭಾಗಕ್ಕೆ ಒಂದು ಭಾಗ. ಅದು ರಕ್ತಕ್ಕೆ ಬೇಗ ಸೇರಿದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ಅದುರುತ್ತದೆ. ಕೆಳದವಡೆಗೆ ಕೊಟ್ಟರೆ ತುಟಿಯೂ ಅರ್ಧ ನಾಲಿಗೆಯೂ ಜೋಮು ಹಿಡಿದು ಮಾತು ತೊದಲಲೇಬೇಕು. ಹೀಗೆ ಸಕ್ಕರೆಯ ಎಲ್ಲ ಸುಳಿವೂ ಇಂಜೆಕ್ಷನ್ನಿನ ಲೆಕ್ಕಕ್ಕೆ ಜಮಾ ಆಗಿಬಿಡುತ್ತವೆ. ಇದು ನನಗೆ ಪೂರ್ತಿ ಮನದಟ್ಟಾದದ್ದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹಿರಿಯರೊಬ್ಬರಿಂದ.

ಅವರಿಗೆ ಅರವತ್ತು ದಾಟಿತ್ತು. ಕೆಳದವಡೆಯ ಬಲಗಡೆಯ ದವಡೆಹಲ್ಲು ಹುಳುಕು ಹಿಡಿದು ಕೀಳದೆ ಗತಿಯಿರಲಿಲ್ಲ. ಬೆಳಗಿನ ರೈಲಿಗೇ ಬಂದು, ನಾನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು. ಸಕ್ಕರೆ ಕಾಯಿಲೆ ಇದೆ ಎಂದರು, ಮಾತ್ರೆಯ ಚೀಟಿ ತೋರಿಸಿದರು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಸೇರಿದ ಒಂದೇ ಮಾತ್ರೆ. "ತಿಂಡಿ ಆಯ್ತಾ ಯಜಮಾನ್ರೇ?" ಅಂದೆ. "ಆಯ್ತು ತಾಯಿ" ಅಂದರು. ಮಾತ್ರೆಯೂ ಆಗಿತ್ತು. ವಾರದ ಹಿಂದಿನ ಲ್ಯಾಬ್ ಚೀಟಿಯಲ್ಲಿ ಸಕ್ಕರೆ ಹಿಡಿತದಲ್ಲೇ ಇತ್ತು. ಬಿ.ಪಿ. ಸರಿಯಿತ್ತು. ಇಂಜೆಕ್ಷನ್ ಕೊಟ್ಟು, ಜೋಮು ಹಿಡಿಯಲೆಂದು ಕಾದೆವು.

ಕೆಲವು ನಿಮಿಷದ ಮೇಲೆ ಸಹಾಯಕಿ ಕರೆದಳು. "ಮೇಡಂ, ಯಾಕೋ ಅಜ್ಜಾರು ಸಿಡುಕ್ತಾ ಇದಾರೆ." ಹೋಗಿ ನೋಡಿದರೆ, ಬಂದಾಗಿನಿಂದ ಕೈಮುಗಿದೇ ಮಾತಾಡುತ್ತಿದ್ದ ಮನುಷ್ಯ ಕೊರಳಿಗೆ ಕಟ್ಟಿದ ಬಿಬ್ ಕಿತ್ತು ಹಾಕುತ್ತಿದ್ದರು. "ಎಷ್ಟೊತ್ರೀ ಕೂರ್ಸ್ಕತೀರಾ, ಲೆಕ್ಕ ಯಾರ್ ಕೊಡ್ತಾರೆ" ಎಂದು ತೊದಲುತ್ತಾ ಗದರಿದರು. ಹಣೆ, ಕತ್ತು, ಅಂಗಿಯ ಬೆನ್ನು ಒದ್ದೆ. ಮುಟ್ಟಿದರೆ ತಣ್ಣಗೆ. ಕುರ್ಚಿ ಮಲಗಿಸಿ ನಾಡಿ ಹಿಡಿದೆ. ಹೆದರಿ ಮೂರ್ಛೆಗೆ ಜಾರುವವರ ನಾಡಿ ಹೊತ್ತು ಹೋದಂತೆ ನಿಧಾನವಾಗುತ್ತದೆ. ಇವರದು ಬೆರಳಿಗೆ ಬಡಿಯುವಷ್ಟು ಗಟ್ಟಿಯಾಗಿ, ನಿಮಿಷಕ್ಕೆ 110ರ ಮೇಲೆ ಓಡುತ್ತಿತ್ತು. ಬಿ.ಪಿ. ಇಳಿದಿರಲಿಲ್ಲ. ಒಂದು ನಿಮಿಷ ಮಲಗಿದರೂ ಬೆವರು ನಿಲ್ಲಲಿಲ್ಲ, ಮಾತು ತಿಳಿಯಾಗಲಿಲ್ಲ. "ಯಾವ ಊರು ಯಜಮಾನ್ರೇ?" ಎಂದರೆ ಮಂಡಿಯ ಹೆಸರು ಹೇಳಿದರು. ತುಟಿಯ ಜೋಮಿಗೆ ಮಾತು ತೊದಲಬಹುದು, ಉತ್ತರ ತಪ್ಪುವುದಿಲ್ಲ. ಸ್ವಭಾವವೂ ಬದಲಾಗುವುದಿಲ್ಲ.

ಗ್ಲುಕೋಮೀಟರ್ ಕೈಗೆ ಬಂತು. ಬೆರಳ ತುದಿ ಒದ್ದೆ ಹತ್ತಿಯಲ್ಲಿ ಒರೆಸಿ, ಒಣಗಿಸಿ, ಬದಿಗೆ ಚುಚ್ಚಿದೆವು. ಬೆರಳಿಗೆ ಬೆಲ್ಲವೋ ಹಣ್ಣಿನ ರಸವೋ ಅಂಟಿದ್ದರೆ ಮೀಟರ್ ಇಲ್ಲದ ಸಕ್ಕರೆ ತೋರಿಸುತ್ತದೆ, ಸ್ಪಿರಿಟ್ ಆರದಿದ್ದರೂ ಲೆಕ್ಕ ತಪ್ಪುತ್ತದೆ. ಬಂದ ಸಂಖ್ಯೆ 48. ಸಕ್ಕರೆ ಕಾಯಿಲೆಯವರಿಗೆ 70ಕ್ಕಿಂತ ಕೆಳಗೆ ಹೋದರೆ ಕಡಿಮೆ ಎಂದೇ ಲೆಕ್ಕ. 54ಕ್ಕಿಂತ ಕೆಳಗಾದರೆ ಮಿದುಳಿಗೇ ಇಂಧನ ಸಾಲದೆ ಬುದ್ಧಿ ಮಂಕಾಗತೊಡಗುತ್ತದೆ.

ಇನ್ನು ಪ್ರಶ್ನೆ, ಇವರು ನುಂಗಬಲ್ಲರೇ? ಎಚ್ಚರವಿದ್ದು, ಹೇಳಿದ ಮಾತು ಕೇಳಿ, ಒಂದು ಗುಟುಕು ನೀರು ಕೆಮ್ಮದೆ ನುಂಗಿದರೆ ಬಾಯಲ್ಲೇ ಕೊಡಬಹುದು. ಆದರೆ ಈ ಬಾಯಿಗೆ ನಾವೇ ಜೋಮು ಹಿಡಿಸಿದ್ದೆವು. ಬಲಗಡೆಯ ತುಟಿಯಿಂದ ನೀರು ಸೋರುತ್ತಿತ್ತು. ಮಲಗಿಸಿಯೇ ಕುಡಿಸಿದರೆ ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯಬಹುದು. ಹಾಗಾಗಿ ಬೆನ್ನು ಎತ್ತಿ ಕೂರಿಸಿ, ತಲೆ ಸ್ವಲ್ಪ ಎಡಕ್ಕೆ ವಾಲಿಸಿ, ಅರಿವಿರುವ ಎಡಗಡೆಯಿಂದ ಗುಟುಕು ಗುಟುಕಾಗಿ ಕೊಟ್ಟೆವು. ಅರ್ಧ ಲೋಟ ನೀರಿಗೆ 15 ಗ್ರಾಂ ಗ್ಲೂಕೋಸ್ ಪುಡಿ, ಹೆಚ್ಚುಕಡಿಮೆ ಮೂರು ನಾಲ್ಕು ಟೀ ಚಮಚ.

ಗ್ಲೂಕೋಸ್ ಪುಡಿಯೇ ಏಕೆ, ಅಡುಗೆ ಸಕ್ಕರೆ ಸಾಲದೇ ಎಂದು ಸಹಾಯಕಿ ಆಮೇಲೆ ಕೇಳಿದಳು. ಉತ್ತರ ಅವರ ಮಾತ್ರೆಯ ಮೂರನೆಯ ಹೆಸರಲ್ಲಿತ್ತು. ಅಡುಗೆ ಸಕ್ಕರೆ ಕರುಳಿನಲ್ಲಿ ಎರಡಾಗಿ ಒಡೆದ ಮೇಲೆಯೇ ರಕ್ತಕ್ಕೆ ಸೇರುವುದು. ವೋಗ್ಲಿಬೋಸ್ ಮಾಡುವ ಕೆಲಸವೇ ಆ ಒಡೆಯುವಿಕೆಯನ್ನು ನಿಧಾನಗೊಳಿಸುವುದು. ಅಕಾರ್ಬೋಸ್ ಎಂಬ ಮಾತ್ರೆಯೂ ಹಾಗೆಯೇ. ಇವನ್ನು ನುಂಗುವವರಿಗೆ ಸಕ್ಕರೆ ಪಾನಕ ಕೊಟ್ಟು ಕಾಯುತ್ತಾ ಕೂತರೆ ಹೊತ್ತು ಹೋಗುತ್ತದೆ, ಸಕ್ಕರೆ ಏರುವುದು ತಡವಾಗುತ್ತದೆ. ಗ್ಲೂಕೋಸಿಗೆ ಒಡೆಯುವ ಕೆಲಸವೇ ಇಲ್ಲ, ನೇರ ರಕ್ತಕ್ಕೆ ಹೋಗುತ್ತದೆ. ಪುಡಿಯಲ್ಲೂ ನೋಡಿ ತರಬೇಕು. ಕಿತ್ತಳೆ, ನಿಂಬೆ ಎಂದು ರುಚಿ ಸೇರಿಸಿದ ಡಬ್ಬಿಗಳಲ್ಲಿ ಅಡುಗೆ ಸಕ್ಕರೆ ಬೆರೆತಿರುವುದುಂಟು, ಲೇಬಲ್ ಓದಿದರೆ ತಿಳಿಯುತ್ತದೆ. ಚಾಕೊಲೇಟ್ ಈ ಕೆಲಸಕ್ಕೆ ಬರುವುದಿಲ್ಲ, ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಬೇರೆ ಏನೂ ಕೈಗೆ ಸಿಗದಿದ್ದಾಗ ಮಾತ್ರ ಸಕ್ಕರೆ ನೀರು, ಏನೂ ಕೊಡದಿರುವುದಕ್ಕಿಂತ ಅದು ಮೇಲು.

ಕುಡಿಸಿ 15 ನಿಮಿಷ ಕಾದೆವು. ಈ ಕಾಯುವಿಕೆ ಕಷ್ಟದ್ದು. ಐದು ನಿಮಿಷಕ್ಕೇ ಇನ್ನೊಂದು ಲೋಟ, ಮತ್ತೊಂದು ಲೋಟ ಎನ್ನುವ ಅವಸರ ಸುತ್ತ ನಿಂತವರಿಗೆ. ಮತ್ತೆ ಚುಚ್ಚಿ ನೋಡಿದರೆ 62. ಬೆವರು ತಗ್ಗಿತ್ತು, ಊರಿನ ಹೆಸರು ಸರಿಯಾಗಿ ಹೇಳಿದರು. 70 ಮುಟ್ಟದ್ದರಿಂದ ಇನ್ನೂ 15 ಗ್ರಾಂ ಕೊಟ್ಟೆವು. ಮುಂದಿನ 15 ನಿಮಿಷಕ್ಕೆ 94. ಯಜಮಾನರು ಬಿಬ್ ನೋಡಿಕೊಂಡು, "ಇದ್ಯಾಕ್ ಹರ್ದೈತೆ ತಾಯಿ?" ಅಂದರು. ಗದರಿದ್ದು ಅವರಿಗೆ ನೆನಪೇ ಇರಲಿಲ್ಲ.

ಅಷ್ಟಾದ ಮೇಲೆ ತಿಂಡಿಯ ವಿಚಾರ ಬಿಡಿಸಿ ಕೇಳಿದೆ. ಹಲ್ಲುನೋವಿಗೆ ಹಿಂದಿನ ರಾತ್ರಿ ಎರಡು ತುತ್ತು ಮುದ್ದೆ ನುಂಗಿ ಎದ್ದಿದ್ದರು. ಬೆಳಗ್ಗೆ ರೈಲ್ವೆ ಸ್ಟೇಷನ್ನಿನಲ್ಲಿ ಅರ್ಧ ಲೋಟ ಕಾಫಿ. "ಹಲ್ಲು ಕೀಳ್ಸಕ್ಕೆ ಖಾಲಿ ಹೊಟ್ಟೇಲ್ ಹೋಗ್ಬೇಕು ಅಂದ್ರು ಮನೇಲಿ" ಅಂದರು. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವ ಆಪರೇಷನ್ನಿನ ನಿಯಮ ಅದು. ಬರೀ ಹಲ್ಲಿನ ಜಾಗಕ್ಕೆ ಜೋಮು ಹಿಡಿಸುವಲ್ಲಿ ಹೊಟ್ಟೆ ತುಂಬಿರುವುದೇ ಒಳ್ಳೆಯದು. ನಮ್ಮ ಕಡೆ "ತಿಂಡಿ ಆಯ್ತಾ" ಎಂದರೆ "ಆಯ್ತು" ಎನ್ನುವುದು ಮರ್ಯಾದೆ. ಅಂದಿನಿಂದ ಕ್ಲಿನಿಕ್ಕಿನಲ್ಲಿ ಪ್ರಶ್ನೆ ಬೇರೆಯಾಯಿತು. ಏನು ತಿಂದಿರಿ, ಎಷ್ಟು ಹೊತ್ತಿಗೆ, ಮಾತ್ರೆ ಅದಕ್ಕಿಂತ ಮುಂಚೆಯೋ ಆಮೇಲೋ? ಸಕ್ಕರೆ ಇಳಿಸಿಬಿಡಬಲ್ಲ ಮಾತ್ರೆ ಯಾವುದೆಂದೂ ಚೀಟಿಯಲ್ಲಿ ಹುಡುಕುತ್ತೇವೆ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಇದ್ದರೆ ಇಂಜೆಕ್ಷನ್ನಿಗೆ ಮುಂಚೆ ಒಂದು ಹನಿ ರಕ್ತ ನೋಡಿಯೇ ಮುಂದಿನ ಕೆಲಸ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಅದು ತಾನಾಗಿ ಸಕ್ಕರೆಯನ್ನು ಇಷ್ಟು ಕೆಳಗೆ ತಳ್ಳುವುದು ಅಪರೂಪ. ಬಿ.ಪಿ.ಗೆಂದು ಅಟೆನೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಎರಡೂ ಅಡಗಿರಬಹುದು. ಬೆವರು ಮಾತ್ರ ಅಡಗುವುದಿಲ್ಲ. ಅಂಥವರ ಕತ್ತಿನ ಬೆವರನ್ನೇ ನಂಬಬೇಕು.

94 ಬಂತೆಂದು ಅವರನ್ನು ರೈಲು ಹತ್ತಿಸುವಂತಿರಲಿಲ್ಲ. ಗ್ಲೂಕೋಸ್ ಬೇಗ ಏರಿದಂತೆ ಬೇಗ ಇಳಿಯುತ್ತದೆ, ಗ್ಲಿಮೆಪಿರೈಡ್ ಮಾತ್ರ ದಿನವಿಡೀ ಕೆಲಸ ಮಾಡುತ್ತಲೇ ಇರುತ್ತದೆ. ಮೂತ್ರಪಿಂಡ ಸೊರಗಿದವರಲ್ಲಂತೂ ಸಕ್ಕರೆ ಗಂಟೆಗಳ ಮೇಲೆ ಮತ್ತೆ ಬೀಳಬಹುದು. ಹೊಟ್ಟೆಗೆ ನಿಲ್ಲುವಂಥದ್ದು ಬೇಕು, ಆದರೆ ಜೋಮು ಹಿಡಿದ ಬಾಯಲ್ಲಿ ಅಗಿದರೆ ತುಟಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಕೆಳಗಿನ ಹೋಟೆಲಿನಿಂದ ಹಾಲು ತರಿಸಿದೆವು, ಮನೆಯಿಂದ ರಾಗಿ ಅಂಬಲಿ ಬಂತು. ಅಷ್ಟರಲ್ಲಿ ಅವರ ಮಾತ್ರೆ ಬರೆದಿದ್ದ ವೈದ್ಯರಿಗೆ ಫೋನ್ ಮಾಡಿದೆ, ಮಗನನ್ನು ಕರೆಸಿದೆ. ಒಂದು ಗಂಟೆಯ ಮೇಲೆ ಸಕ್ಕರೆ 118. ಹಲ್ಲು ಕೀಳದೆ, ಮಗನ ಜೊತೆ ನೇರ ಆ ವೈದ್ಯರ ಬಳಿಗೇ ಕಳಿಸಿಕೊಟ್ಟೆ.

ಅವರು ನುಂಗಲಾರದ ಸ್ಥಿತಿಗೆ ಜಾರಿದ್ದರೆ ಏನಾಗುತ್ತಿತ್ತು ಎಂದು ಅಂದು ರಾತ್ರಿ ಯೋಚಿಸಿದ್ದುಂಟು. ಆಗ ಬಾಯಿಗೆ ಏನನ್ನೂ ಹಾಕುವಂತಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಉಸಿರಿನ ದಾರಿ ಕಾಯ್ದು, ಆಮ್ಲಜನಕ ಹಾಕಿ, ಒಬ್ಬರು 108ಕ್ಕೆ ಕರೆ ಮಾಡಬೇಕು. 2008ರಲ್ಲಿ ಆರೋಗ್ಯ ಕವಚದ 108 ಬರುವ ಮೊದಲು ನಮಗೆ ಸ್ಟ್ಯಾಂಡಿನ ಟ್ಯಾಕ್ಸಿಯೇ ಆಂಬ್ಯುಲೆನ್ಸ್. ಅವರಿಗೆ ಬೇಕಾದ ಮದ್ದು 25 ಪರ್ಸೆಂಟ್ ಡೆಕ್ಸ್‌ಟ್ರೋಸ್. 100 ಎಂ.ಎಲ್. ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ, ರಕ್ತನಾಳಕ್ಕೆ ನಿಧಾನವಾಗಿ ಕೊಡುವಂಥದ್ದು. ಆ ಬಾಟಲಿ ನನ್ನ ಪೆಟ್ಟಿಗೆಯಲ್ಲಿ ಇತ್ತು. ಆದರೆ ಬೆವರಿ ತಣ್ಣಗಾದ ಮುದುಕರ ಕೈಯಲ್ಲಿ ರಕ್ತನಾಳ ಹುಡುಕುವುದು ಹಲ್ಲಿನ ಡಾಕ್ಟರ ದಿನದ ಕೆಲಸವಲ್ಲ. ನಾಳ ತಪ್ಪಿ ಹೊರಕ್ಕೆ ಹೋದರೆ ಅಷ್ಟು ದಟ್ಟ ದ್ರಾವಣ ಸುತ್ತಲಿನ ಮಾಂಸವನ್ನೇ ಸುಡುತ್ತದೆ. ಅದಕ್ಕೇ ಎರಡು ಅಂಗಡಿ ಆಚೆಗಿದ್ದ ವೈದ್ಯರ ಜೊತೆ ಮೊದಲೇ ಮಾತಾಗಿತ್ತು. ನಮ್ಮ ಹುಡುಗಿ ಓಡಿ ಬಂದರೆ ಅವರು ಇದ್ದಲ್ಲಿಂದ ಎದ್ದು ಬರುವುದು, ಬಾಟಲಿ ಸೂಜಿ ನಮ್ಮಲ್ಲಿ ಸಿದ್ಧವಿರುವುದು. ತೋಳಿಗೋ ತೊಡೆಗೋ ಚುಚ್ಚಬಹುದಾದ 1 ಮಿಲಿಗ್ರಾಂ ಗ್ಲುಕಗಾನ್ ಎಂಬುದಿದೆ, ರಕ್ತನಾಳ ಬೇಡ. ದುಬಾರಿ, ನಮ್ಮೂರ ಔಷಧಿ ಅಂಗಡಿಗಳಲ್ಲಿ ಕೇಳಿದಾಗ ಸಿಗುತ್ತಿರಲಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಿಡಿಸುವುದು ಅದರ ಕೆಲಸವಾದ್ದರಿಂದ, ಬಹಳ ಹೊತ್ತು ಉಪವಾಸವಿದ್ದವರಲ್ಲಿ ಅಷ್ಟಾಗಿ ನಡೆಯುವುದೂ ಇಲ್ಲ.

ಪೆಟ್ಟಿಗೆ ಎಂದೆನಲ್ಲ, ಅದು ಎಲೆಕ್ಟ್ರಿಷಿಯನ್‌ಗಳು ಹಿಡಿದು ಓಡಾಡುವಂಥ ಪ್ಲಾಸ್ಟಿಕ್ ಟೂಲ್ ಬಾಕ್ಸು. ಮೇಲಿನ ತಟ್ಟೆಯಲ್ಲಿ ಗ್ಲುಕೋಮೀಟರ್, ಗ್ಲೂಕೋಸ್ ಪುಡಿ, ಚಮಚ, ಲೋಟ, ಬಿ.ಪಿ. ಪಟ್ಟಿ, ಬೆರಳಿಗೆ ಹಾಕುವ ಆಕ್ಸಿಮೀಟರ್. ಮೂರ್ಛೆಗೂ ಸಕ್ಕರೆಗೂ ಬೇಕಾದದ್ದು ಬಹುತೇಕ ಇಷ್ಟರಲ್ಲೇ ಮುಗಿಯುತ್ತದೆ. ಕೆಳಗಿನ ಅರೆಯಲ್ಲಿ ಬೇರೆ ಅಪಾಯಗಳ ಮದ್ದು: ತೀವ್ರ ಅಲರ್ಜಿಗೆ ಅಡ್ರಿನಲಿನ್, ಎದೆನೋವಿಗೆ ಆಸ್ಪಿರಿನ್ ಮತ್ತು ನಾಲಿಗೆಯಡಿಯ ಮಾತ್ರೆ, ಉಬ್ಬಸಕ್ಕೆ ಸಾಲ್ಬುಟಮಾಲ್ ಪಂಪು, ಜೊತೆಗೆ ಸಿರಿಂಜ್, ಡೆಕ್ಸ್‌ಟ್ರೋಸ್. ಪಕ್ಕದಲ್ಲಿ ಮಾಸ್ಕ್ ಸಮೇತ ಸಣ್ಣ ಆಕ್ಸಿಜನ್ ಸಿಲಿಂಡರ್, ಉಸಿರು ನಿಂತರೆ ಕೈಯಲ್ಲಿ ಒತ್ತುವ ಆಂಬು ಬ್ಯಾಗ್. ಎರಡು ಅರೆ ಬೇರೆ ಮಾಡಿದ್ದಕ್ಕೆ ಕಾರಣವಿದೆ. ಯಾರಾದರೂ ಬಿದ್ದರೆ ಸುತ್ತ ನಿಂತವರೆಲ್ಲ ಕೇಳುವುದು "ಒಂದ್ ಇಂಜೆಕ್ಷನ್ ಕೊಡಿ ಡಾಕ್ಟ್ರೇ" ಎಂದೇ. ಆ ಒತ್ತಾಯಕ್ಕೆ ಸ್ಟೀರಾಯ್ಡ್ ಚುಚ್ಚುವ ಅಭ್ಯಾಸವನ್ನೂ ಕಂಡಿದ್ದೇನೆ. ಸಾಮಾನ್ಯ ಮೂರ್ಛೆಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಮಲಗಿಸಿದವರು ಎದ್ದದ್ದು ಮಲಗಿಸಿದ್ದರಿಂದ, ಹೆಸರು ಇಂಜೆಕ್ಷನ್ನಿಗೆ.

ಪೆಟ್ಟಿಗೆ ಇದ್ದರೂ ಕೈಕೊಡುವುದು ಸಣ್ಣ ಸಂಗತಿಗಳಲ್ಲಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಟ್ಟು ಮೀಟರ್ ಸುಳ್ಳು ಹೇಳುತ್ತದೆ. ಕೆಲವು ಸ್ಟ್ರಿಪ್‌ಗಳಿಗೆ ಡಬ್ಬಿ ಒಡೆದ ದಿನದಿಂದ ಬೇರೆಯೇ ವಾಯಿದೆ ಇರುತ್ತದೆ, ಒಡೆದ ದಿನವನ್ನು ಡಬ್ಬಿಯ ಮೇಲೆ ಬರೆದಿಡಬೇಕು. ಸಿಲಿಂಡರ್ ತುಂಬಿರುತ್ತದೆ, ತಿರುಗಿಸುವ ಕೀ ಕಾಣೆಯಾಗಿರುತ್ತದೆ. ನಮ್ಮಲ್ಲಿ ಕೀಯನ್ನು ಸಿಲಿಂಡರಿನ ಕುತ್ತಿಗೆಗೇ ದಾರದಲ್ಲಿ ಕಟ್ಟಿದ್ದೆವು. ತಿಂಗಳ ಮೊದಲ ಸೋಮವಾರ ಸಹಾಯಕಿ ಪೆಟ್ಟಿಗೆ ಬಿಚ್ಚಿ, ವಾಯಿದೆ ಓದಿ, ತನ್ನ ಬೆರಳಿಗೇ ಚುಚ್ಚಿಕೊಂಡು ಮೀಟರ್ ನೋಡಿ, ಸಿಲಿಂಡರ್ ಒಂದು ಕ್ಷಣ ತೆರೆದು ಸದ್ದು ಕೇಳಿ, ಪುಸ್ತಕದಲ್ಲಿ ಸಹಿ ಹಾಕುತ್ತಿದ್ದಳು.

ಯಜಮಾನರು ಮತ್ತೆ ಬಂದದ್ದು ಅವರ ವೈದ್ಯರು ಮಾತ್ರೆ ಬದಲಿಸಿ ಹದಕ್ಕೆ ತಂದ ಮೇಲೆ. ಈ ಸಲ ಎರಡು ಇಡ್ಲಿ ತಿಂದ ಹೊತ್ತನ್ನು ಗಂಟೆ ಸಮೇತ ಹೇಳಿದರು. ಬೆರಳಿನ ಸಕ್ಕರೆ 142. ಹಲ್ಲು ಸಲೀಸಾಗಿ ಬಂತು. ಆದರೆ ಹಲ್ಲು ಬಂದ ಮೇಲೆ ನಾವು ಕೊಡುವ ಸೂಚನೆಯಲ್ಲೂ ಇದೇ ಅಪಾಯ ಅಡಗಿದೆ. ಹತ್ತಿ ಅರ್ಧ ಮುಕ್ಕಾಲು ಗಂಟೆ ಕಚ್ಚಿಡಿ, ಬಿಸಿ ಬೇಡ, ಗಟ್ಟಿ ಬೇಡ, ಆ ಕಡೆ ಅಗಿಯಬೇಡಿ ಎನ್ನುತ್ತೇವೆ. ಕೇಳಿಸಿಕೊಂಡವರು ಊಟವನ್ನೇ ಬಿಡುತ್ತಾರೆ. ರಾತ್ರಿಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಾರೆ. ಒಮ್ಮೆ ಒಬ್ಬರ ಸೊಸೆ ರಾತ್ರಿ ಫೋನ್ ಮಾಡಿ, "ಮಾವ ಏನೇನೋ ಮಾತಾಡ್ತಿದಾರೆ ಮೇಡಂ, ಇಂಜೆಕ್ಷನ್ ತಲೆಗೇರಿತಾ?" ಎಂದು ಕೇಳಿದ್ದರು. ಇಂಜೆಕ್ಷನ್ನಿನ ಜೋಮು ಸಂಜೆಗೇ ಇಳಿದಿತ್ತು. ಮಾವ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಗ್ಲೂಕೋಸ್ ಕುಡಿಸಿ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ಅಲ್ಲಿ ರಾತ್ರಿಯಿಡೀ ಇಟ್ಟುಕೊಂಡು ನೋಡಿ ಬೆಳಗ್ಗೆ ಕಳಿಸಿದರು.

ಹಾಗಾಗಿ ಸಕ್ಕರೆ ಕಾಯಿಲೆಯವರಿಗೆ ಕೊಡುವ ಚೀಟಿಯನ್ನು ಬೇರೆಯೇ ಅಚ್ಚು ಹಾಕಿಸಿದೆವು. ಅದರಲ್ಲಿ ಏನು ತಿನ್ನಬಾರದು ಎಂಬುದಕ್ಕಿಂತ ಮೊದಲು ಏನು ತಿನ್ನಬೇಕು ಎಂದಿತ್ತು: ಹತ್ತಿ ತೆಗೆದ ಮೇಲೆ ಆರಿದ ಗಂಜಿ, ಅಂಬಲಿ, ಮಿದ್ದಿದ ಮೊಸರನ್ನ, ಹಾಲು, ಹೊತ್ತು ತಪ್ಪದೆ. ಅದರ ಕೆಳಗೆ ದಪ್ಪಕ್ಷರದಲ್ಲಿ, ಎಂದಿನಷ್ಟು ಊಟ ಸೇರದಿದ್ದರೆ ಇಂದಿನ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಎಷ್ಟು ಎಂದು ಅದನ್ನು ಬರೆದ ವೈದ್ಯರನ್ನು ಕೇಳಿ. ತಣ್ಣಗೆ ಬೆವರಿದರೆ, ಸಿಡುಕಿದರೆ, ಮಾತು ತಪ್ಪಿದರೆ ಮೊದಲು ಸಕ್ಕರೆ ನೋಡಿ, ಆಮೇಲೆ ಹಲ್ಲಿನ ಇಂಜೆಕ್ಷನ್ನನ್ನು ಬೈಯಿರಿ. ಕೊನೆಯ ಮಾತು ಚೀಟಿಯಲ್ಲಿ ಇರಲಿಲ್ಲ, ಕೈಗೆ ಕೊಡುವಾಗ ಸಹಾಯಕಿ ತಾನೇ ಸೇರಿಸುತ್ತಿದ್ದಳು. ಜನಕ್ಕೆ ನೆನಪಿರುತ್ತಿದ್ದದ್ದೂ ಅದೊಂದೇ.